ದೇವಿ ಹೂ ಕೊಡದ ದಿನ

"ನಿನ್ನ ಪಕ್ಕ ಬಸ್ಸಲ್ಲಿ ಕೂತ್ರೂ ನಿದ್ದೆ ಬತ್ತದೆ" ಎಂದು ಹೇಳಿ ನನ್ನ ಗಂಡ ಹದಿನಾರು ವರ್ಷದ ಸಂಸಾರ ಬಿಟ್ಟು ಹೋದರು. ವಿಚ್ಛೇದನವಾದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಅಂಕೋಲೆಯಿಂದ ಕಾರವಾರದ ಕಚೇರಿಗೆ ಹೋಗುವಾಗ ಯಾರಿಗೂ ಬೇಸರ ತರಿಸಬಾರದೆಂದು ಎರಡು ವರ್ಷ ಕಿಟಕಿಯತ್ತ ಮುಖ ಮಾಡಿಯೇ ಕೂತೆ.

ಆ ಬಸ್ಸಿನಲ್ಲೇ ಗಣಪತಿಯವರ ಪರಿಚಯವಾಯಿತು. ಹೆಂಡತಿಯಿಂದ ಬೇರೆಯಾದವರು, ಬಿಣಗಾದಲ್ಲಿ ಇಳಿಯುವವರು. ಮೊದಲು ನಮಸ್ಕಾರ, ಆಮೇಲೆ ಮಾತು, ಆಮೇಲೆ ರವಿವಾರ ಕಾರವಾರದ ಕಡಲ ದಂಡೆಯಲ್ಲಿ ಒಂದು ತಾಸು. ಮೊದಲ ರವಿವಾರ ಮೂರು ಸೀರೆ ಉಟ್ಟು ಬಿಚ್ಚಿ, ಕಡೆಗೆ ಕಚೇರಿಯ ಸೀರೆಯಲ್ಲೇ ಹೋದೆ. ಹಪ್ಪಳ ಒಣಗಿಸಿದ ಕತೆ ಹೇಳುತ್ತ, ಬೇಸರವಾದೀತೆಂದು ನಡುವೆ ನಿಲ್ಲಿಸಿದೆ. "ಮುಂದೆ?" ಎಂದರು. ನನ್ನ ಕಣ್ಣು ತುಂಬಿತು.

ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಬಿಡುತ್ತಾರೆಯೇ? "ಈಗೀಗ ಕನ್ನಡಿ ಬಿಟ್ಟು ಏಳೂದೇ ಇಲ್ಲ. ಮೊದ್ಲು ಮಗಳ ಮದ್ವೆಯೋ, ಆಯಿ ಮದ್ವೆಯೋ?"

ಹತ್ತು ತಿಂಗಳು ಮಕ್ಕಳಿಗೆ ಹೇಳಲಿಲ್ಲ. ಒಂದು ದಿನ ಮುನ್ಸೂಚನೆಯಿಲ್ಲದೆ ಗಣಪತಿಯವರನ್ನು ಊಟಕ್ಕೆ ಕರೆದು, "ಕಚೇರಿ ಮಾಮ" ಎಂದು ಸುಳ್ಳು ಹೇಳಿದೆ. ಗಡಿಬಿಡಿಯಲ್ಲಿ ಬಡಿಸಿದ್ದು ಮಕ್ಕಳ ಅಪ್ಪನ ಹೆಸರು ಕೊರೆದ ತಾಟಿನಲ್ಲಿ.

ಹದಿನಾಲ್ಕರ ಮಗಳು ಸಿಂಚನಾ ಆ ತಾಟನ್ನು ಎಳೆದು, ಅನ್ನ ಬಂಗಡೆ ಸಾರು ಎಲ್ಲವನ್ನೂ ಬಾಲ್ದಿಗೆ ಸುರಿದಳು. "ಯಾವ ಕಚೇರಿ ಮಾಮ? ಆಯಿ ಪಕ್ಕ ಕೂತ್ರೆ ನಿದ್ದೆ ಬತ್ತದೆ ಅಂತ ಅಪ್ಪ ಓಡಿದ. ನಿಮ್ಗೆ ಎಷ್ಟು ದಿನಕ್ಕೆ ಬತ್ತದೆ ನೋಡ್ವಾ."

ಎಂಟು ವರ್ಷದ ಮಗ ಪ್ರಥಮ ನಕ್ಕ. ಗಣಪತಿಯವರು ಕೈ ತೊಳೆದು ಹೊರಟುಹೋದರು. ಮಗಳು ತಿಂಗಳುಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ಬೇಕಾದ್ದನ್ನು ತಮ್ಮನಿಂದ ಹೇಳಿಸುತ್ತಿದ್ದಳು.

ನಮ್ಮೂರ ದೇವಿಯ ಮೈಗೆ ಹೂ ಅಂಟಿಸಿ ಪ್ರಸಾದ ಕೇಳುತ್ತೇವೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. "ಮಗಳು ಒಪ್ಪುವಳೇ ತಾಯೀ?" ಎಂದು ಕೇಳಿದೆ. ಒಂದು ತಾಸು ಕಾದರೂ ಹೂ ಬೀಳಲೇ ಇಲ್ಲ. ದೇವಿಗೂ ಬೇಡವಾದೆನೇ ಎಂದು ಅತ್ತುಬಿಟ್ಟೆ.

ದೇವಿಯ ಪೂಜೆ ಮಾಡುವ ಗುನಗರು, "ಮಗಳ ಹತ್ರ ಕೇಳಿದ್ಯಾ ತಂಗಿ?" ಎಂದರು.

ಇಲ್ಲ. ಅವಳೊಬ್ಬಳನ್ನೇ ಕೇಳಿರಲಿಲ್ಲ.

ಅಂದೇ ಇಬ್ಬರನ್ನೂ ಕೂರಿಸಿ ನಿಜ ಹೇಳಿದೆ, ಸುಳ್ಳಿಗೆ ಕ್ಷಮೆ ಕೇಳಿದೆ. ಮಕ್ಕಳು ಗುಟ್ಟು ಹೊರಬಾರದೆಂದು ಅವರ ಅಪ್ಪನಿಗೂ ನಾನೇ ಫೋನ್ ಮಾಡಿದೆ. ಅವರು ನಕ್ಕರು, ಸಹಿಸಿದೆ. "ಅಪ್ಪನ ಜಾಗ ಯಾರಿಗೂ ಇಲ್ಲ. ನಿಂಗೆ ಏನು ಬೇಕು, ಹೇಳು" ಎಂದು ಮಗಳನ್ನು ಕೇಳಿದೆ.

"ಅವ್ರು ಮನೆಗೆ ಬರೂಕಾಗ. ಉಡುಗೊರೆ ತರೂಕಾಗ. ನನ್ನ ಶಾಲೆ ಬಗ್ಗೆ ಕೇಳೂಕಾಗ," ಎಂದು ಮೂರು ಷರತ್ತು ಹಾಕಿದಳು ಸಿಂಚನಾ.

ಗಣಪತಿಯವರು ಎಲ್ಲ ಒಪ್ಪಿದರು. ತಿಂಗಳಿಗೊಮ್ಮೆ ಮಕ್ಕಳೊಡನೆ ಕಡಲ ದಂಡೆ, ಐಸ್‌ಕ್ರೀಂ, ಅರ್ಧ ತಾಸು. ಏಳು ತಿಂಗಳು ಅವಳು ಅವರಿಗೆ ಬೆನ್ನು ಹಾಕಿಯೇ ತಿಂದಳು. ಅವರು ಪ್ರತಿಸಲ ಬಂದರು.

ಕಳೆದ ವಾರ ಪಾತ್ರೆ ಒರೆಸುತ್ತ, ನನ್ನ ಮುಖ ನೋಡದೆ, "ಅವ್ರಿಗೊಂದು ಬೇರೆ ತಾಟು ತಂದಿಡು. ಹೆಸರು ಕೊರೆಸ್ಬೇಡ," ಎಂದಳು.

ಅಂಕೋಲೆ ಪೇಟೆಯಿಂದ ತಾಟು ತಂದು, ಮೊದಲು ದೇವಿಯ ಮುಂದಿಟ್ಟು ಕೈ ಮುಗಿದೆ. ಈ ಸಲ ಏನನ್ನೂ ಕೇಳಲಿಲ್ಲ.