ಸಾವಕಾರರ ಮೃತ್ಯುಪತ್ರ ಮತ್ತು ರಾಮದುರ್ಗದ ಹೊಲ

ಬೈಲಹೊಂಗಲದ ಆ ಬೋರ್ಡಿಂಗಿನ ಆಫೀಸಿನಲ್ಲಿ ಸ್ಥಾಪಕರ ಫೋಟೋದ ಪಕ್ಕಕ್ಕೇ ಅವರ ಮೃತ್ಯುಪತ್ರವನ್ನೂ, ಎಂದರೆ ಉಯಿಲನ್ನೂ, ಗಾಜು ಹಾಕಿಸಿ ತೂಗುಬಿಟ್ಟಿದ್ದರು. ಫೋಟೋಕ್ಕೆ ದಿನಾ ಹೂವು, ಮೃತ್ಯುಪತ್ರಕ್ಕೆ ಶ್ರಾವಣದಲ್ಲಿ ಮಾತ್ರ. ಬ್ರಿಟಿಷರ ಕಾಲದ ಅರಳೆ ವ್ಯಾಪಾರಿ ಅವರು. ಬಡ ಹುಡುಗರಿಗೆ ಊಟ ಹಾಕಿ ಸಾಲಿ ಕಲಿಸಿದವರು. ಊರಿಗೆಲ್ಲ ಸಾವಕಾರರೆಂದೇ ಪರಿಚಯ.

ನಾನು ಆಗ ಅಲ್ಲಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಕಿತ್ತೂರಿನಿಂದ ದಿನಾ ಬಸ್ಸಿಗೆ ಬರುವುದು, ಹೋಗುವುದು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಬೋರ್ಡಿಂಗಿನವರು ಸ್ಮರಣ ಸಂಚಿಕೆ ತರಬೇಕೆಂದು ಹೊರಟರು. ಸ್ಮರಣ ಸಂಚಿಕೆ ಎಂದರೆ ನನಗೆ ಮೊದಲೇ ಮೈ ಉರಿಯುತ್ತದೆ. ಅರ್ಧ ಜಾಹೀರಾತು, ಕಾಲುಭಾಗ ಮಂತ್ರಿಗಳ ಸಂದೇಶ, ಉಳಿದದ್ದು ಹೊಗಳಿಕೆ. ಆದರೂ ಬೋರ್ಡಿಂಗಿನ ಇತಿಹಾಸ ಬರೆದುಕೊಡಲು ಒಪ್ಪಿಕೊಂಡೆ. ಸಮಿತಿಯ ಅಧ್ಯಕ್ಷರು ಮಾರ್ಕೆಟ್ ಯಾರ್ಡಿನಲ್ಲಿ ದಲಾಲಿ ಅಂಗಡಿ ಇಟ್ಟವರು, ಒಳ್ಳೆಯ ಮನುಷ್ಯ. ಚಹಾ ತರಿಸಿ, ಗೋಡೆಯತ್ತ ಕೈ ಮಾಡಿದರು.

“ಓದ್ರಿ ಮೇಡಮ್ರ. ಪ್ಯಾಟಿಯೊಳಗಿನ ಅಂಗಡಿ ಬೋರ್ಡಿಂಗಿಗೆ, ರಾಮದುರ್ಗದ ಹೊಲಾನೂ ಬೋರ್ಡಿಂಗಿಗೆ ಅಂತ ಸಾವಕಾರ್ರು ಸ್ವಂತ ಬರಿಸ್ಯಾರ. ಮ್ಯಾಲೆ ಕೋರ್ಟಿನ ಮೊಹರು ಒತ್ತಿದ ಪ್ರೊಬೇಟ ಐತಿ. ಕೋರ್ಟೇ ಕೊಟ್ಟ ಮ್ಯಾಲೆ ಏನು ಉಳೀತು? ದತ್ತಕ ಮಗ ಎಲ್ಲಾ ನುಂಗಿ ನೀರು ಕುಡದ. ಮೂರು ವರ್ಷ ಬೋರ್ಡಿಂಗ ಬಂದ್ ಬಿತ್ತು. ಆಮ್ಯಾಲೆ ನಮ್ಮ ಅಜ್ಜಾರು ಊರಾಗ ಪಟ್ಟಿ ಎತ್ತಿ, ರೊಕ್ಕಾ ಕೂಡಿಸಿ ಮತ್ತ ಸುರು ಮಾಡಿದ್ರು.”

ಈ ಕಥೆ ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರಾದರೂ ಕೊಟ್ಟ ದುಡ್ಡು ತಿರುಗಿ ಕೊಡದಿದ್ದರೆ “ದತ್ತಕನ ಹಂಗ ಮಾಡಿದಿ” ಎಂದು ಬೈಯುವಷ್ಟು ಅದು ಬಾಯಿಗೆ ಬಂದಿತ್ತು.

“ಇದಕ್ಕೊಂದು ಚಲೋ ಕಡೀ ಭಾಗ ಐತ್ರಿ,” ಎಂದರು ಅಧ್ಯಕ್ಷರು. ದತ್ತಕನ ಮೊಮ್ಮಗಳು ಸವದತ್ತಿಯಲ್ಲಿದ್ದಾರೆ, ಸಾಲಿ ಮಾಸ್ತರಿಕೆ ಮಾಡಿ ನಿವೃತ್ತರಾಗಿದ್ದಾರೆ. ತಮ್ಮ ಸ್ವಂತ ಮನೆಯನ್ನು ಬೋರ್ಡಿಂಗಿಗೆ ದಾನಪತ್ರ ಮಾಡಿಕೊಡುತ್ತಿದ್ದಾರೆ. ಅಜ್ಜ ನುಂಗಿದ್ದನ್ನು ಮೊಮ್ಮಗಳು ತೀರಿಸುತ್ತಾಳೆ. ಸ್ಟ್ಯಾಂಪ್ ಪೇಪರ್ ಕೂಡ ತಂದಾಗಿದೆ.

ನಾನು ಸವದತ್ತಿಗೆ ಹೋದೆ. ಓಣಿಯವರೆಲ್ಲ ಆಕೆಯನ್ನು ಅಕ್ಕೋರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡು ಬಹಳ ವರ್ಷ, ಮಕ್ಕಳಿಲ್ಲ. ಎರಡು ಖೋಲಿ, ಒಂದು ಪಡಸಾಲೆ, ಹಿತ್ತಲಲ್ಲಿ ಕರಿಬೇವು. ಸಂಬಳದಲ್ಲಿ ಸಾಲ ತೀರಿಸುತ್ತ ಕಟ್ಟಿಸಿದ ಮನೆ.

“ಇದನ್ನ ಕೊಟ್ಟ ಮ್ಯಾಲೆ ನೀವು ಎಲ್ಲಿರತೀರಿ ಅಕ್ಕೋರ?” ಎಂದೆ.

“ಇರೂತನಕಾ ಇರ್ರಿ ಅಂದಾರ. ಅಲ್ಲಾ ತಂಗಿ, ನಮ್ಮಪ್ಪ ಬೈಲಹೊಂಗಲದಾಗ ಒಂದು ಮದವಿ ಊಟಾ ಉಣಲಿಲ್ಲ. ಪಂಗ್ತಿಯೊಳಗ ಯಾರರ ಏನರ ಅಂದಾರು ಅಂತ. ನಾ ಸಾಯೂದರೊಳಗ ಇದು ಹರೀಬೇಕು.”

ಆಕೆ ಅತ್ತುಕೊಂಡು ಹೇಳಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ. ಲೈಟ್ ಬಿಲ್ಲು ಕಟ್ಟಬೇಕು ಎನ್ನುವ ಹಾಗೆ ಹೇಳಿದರು.

ಸತ್ಯ ಹೇಳಬೇಕೆಂದರೆ ಆಗ ನನಗೂ ದತ್ತಕನ ಮೇಲೆ ಅನುಮಾನವೇ. ಆದರೆ ಗಾಜಿನೊಳಗಿದ್ದದ್ದು ಪ್ರೊಬೇಟಿನ ಆದೇಶ ಮತ್ತು ಅದಕ್ಕೆ ಲಗತ್ತಿಸಿದ ಮೃತ್ಯುಪತ್ರದ ನಕಲು, ಅಷ್ಟೇ. ಆ ಆದೇಶ ಪಡೆಯಲು ಹಾಕಿದ ಅರ್ಜಿ, ಆಸ್ತಿಪಟ್ಟಿ, ಆಮೇಲೆ ಒಪ್ಪಿಸಬೇಕಾದ ಲೆಕ್ಕ, ಇವೆಲ್ಲ ಕೋರ್ಟಿನಲ್ಲೇ ಉಳಿಯುತ್ತವೆ. ಆದೇಶದ ಮೇಲೆ ಅರ್ಜಿಯ ನಂಬರ್ ಇತ್ತು. ಅದನ್ನು ಹಿಡಿದು ಬೆಳಗಾವಿಯ ಜಿಲ್ಲಾ ಕೋರ್ಟಿಗೆ ಹೋಗಿ, ಹಳೆಯ ಕಡತ ನೋಡಲು ಮತ್ತು ನಕಲು ಪಡೆಯಲು ಅರ್ಜಿ ಕೊಟ್ಟೆ. ಯಾಕೆ ಬೇಕು ಎಂದು ಕೇಳಿದರು. ಇತಿಹಾಸಕ್ಕೆ ಎಂದೆ. ಆ ಉತ್ತರದಿಂದ ಯಾರಿಗೂ ಸಮಾಧಾನವಾಗಲಿಲ್ಲ. ನಾಲ್ಕಾರು ಸಲ ಅಲೆದಾಡಿದ ಮೇಲೆ ರೆಕಾರ್ಡ್ ರೂಮಿನಿಂದ ಕೆಂಪು ಬಟ್ಟೆಯ ಗಂಟು ಬಂತು.

ಮೊದಲು ಅರ್ಜಿ ಓದಿದೆ. ಅರ್ಜಿದಾರ ದತ್ತಕಪುತ್ರನೇ. ಮೃತ್ಯುಪತ್ರ ಜಾರಿಗೆ ತರುವ ಹೊಣೆಯನ್ನು ಸಾವಕಾರರು ಅವನಿಗೇ ಹೊರಿಸಿದ್ದರು. ನಮ್ಮ ಕಡೆ ಆ ಕಾಲಕ್ಕೆ ಹಿಂದೂಗಳ ಮೃತ್ಯುಪತ್ರಕ್ಕೆ ಪ್ರೊಬೇಟ್ ಕಡ್ಡಾಯವೇನೂ ಇರಲಿಲ್ಲ. ನುಂಗಬೇಕೆಂದು ಕುಳಿತವನು ಆ ಕಾಗದವನ್ನು ತಾನಾಗಿ ಕೋರ್ಟಿಗೆ ಯಾಕೆ ಒಯ್ಯುತ್ತಾನೆ? ಇಲ್ಲಿ ನಾನು ಮೊದಲ ಸಲ ತಲೆ ಕೆರೆದುಕೊಂಡೆ. ವಾರಸುದಾರರ ಹೆಸರು ಮೂರು: ಸಾವಕಾರರ ಹೆಂಡತಿ, ದತ್ತಕ ಮಗ, ದತ್ತಕನ ಆರು ವರ್ಷದ ಮಗ.

ಅರ್ಜಿಯ ಹಿಂದೆ ಆಸ್ತಿಪಟ್ಟಿ. ಅಂಗಡಿ ಇತ್ತು, ಗೋದಾಮಿನ ಅರಳೆ ಇತ್ತು, ಒಂದಿಷ್ಟು ಬಂಗಾರ. ರಾಮದುರ್ಗದ ಹೊಲವೇ ಇರಲಿಲ್ಲ! ಮೃತ್ಯುಪತ್ರದಲ್ಲಿ ಇದ್ದದ್ದು ಪಟ್ಟಿಯಲ್ಲಿ ಇಲ್ಲವೆಂದರೆ ಮುಚ್ಚಿಟ್ಟ ಎಂದೇ ಅರ್ಥ. ಸಿಕ್ಕಿಬಿದ್ದ ಮಗ ಅಂದುಕೊಂಡೆ. ಸವದತ್ತಿಯ ಅಕ್ಕೋರ ಮುಖ ಕಣ್ಣ ಮುಂದೆ ಬಂತು.

ಎರಡನೇ ಪಟ್ಟಿ ಸಾಲಗಳದ್ದು. ಅಂಗಡಿ ಸಾಲಕ್ಕೆ ಅಡವಾಗಿ ಗಹಾಣ ಬಿದ್ದಿತ್ತು. ಹುಬ್ಬಳ್ಳಿಯ ವ್ಯಾಪಾರಿಗಳಿಗೆ ಹುಂಡಿ ಚೀಟಿ ಬರೆದುಕೊಟ್ಟ ಸಾಲದ ಬಾಕಿ, ಆಳುಗಳ ಪಗಾರ ಬಾಕಿ, ಬೋರ್ಡಿಂಗಿಗೆ ಜೋಳ, ಬೇಳೆ ಕೊಟ್ಟ ಕಿರಾಣಿ ಅಂಗಡಿಗೂ ಬಾಕಿ. ಎರಡೂ ಪಟ್ಟಿಗಳನ್ನು ಕೂಡಿಸಿ ನೋಡಿದೆ. ಆಸ್ತಿಗಿಂತ ಸಾಲವೇ ಹೆಚ್ಚು. ಊರೆಲ್ಲ ಕೈ ಮುಗಿಯುವ ಸಾವಕಾರರು ಸಾಯುವಾಗ ಬರಿಗೈಯಲ್ಲಿದ್ದರು. ಅರಳೆಯ ದರ ಬಿದ್ದಿದ್ದರೂ ಬೋರ್ಡಿಂಗಿನ ಒಲೆ ಆರಬಾರದೆಂದು ಅವರು ಕೈಗಡ ಮಾಡುತ್ತ ಹೋಗಿದ್ದರು.

ಹೊಲದ ವಿಷಯ ಒಬ್ಬಳೇ ತೀರ್ಮಾನಿಸಲು ಧೈರ್ಯವಾಗಲಿಲ್ಲ. ನಕಲು ಕೈಗೆ ಬಂದ ಮೇಲೆ ಬೈಲಹೊಂಗಲದಲ್ಲಿ ನನಗೆ ಪರಿಚಯದ ಹಿರಿಯ ವಕೀಲರೊಬ್ಬರ ಮುಂದಿಟ್ಟೆ. ಅವರು ಓದಿ, ಕನ್ನಡಕ ತೆಗೆದು, ನನ್ನನ್ನು ನೋಡಿ ನಕ್ಕರು.

“ಇತಿಹಾಸ ಕಲಸಾವರು ನೀವು. ಆವಾಗ ರಾಮದುರ್ಗ ಯಾರದಿತ್ರಿ?”

ನಾಚಿಕೆಯಾಯಿತು. ರಾಮದುರ್ಗ ಆಗ ಬೇರೆ ಸಂಸ್ಥಾನ. ಬೆಳಗಾವಿಯ ಬ್ರಿಟಿಷ್ ಕೋರ್ಟಿನ ಪ್ರೊಬೇಟು ಅಲ್ಲಿನ ಹೊಲಕ್ಕೆ ನಡೆಯುವುದಿಲ್ಲ. ಹೀಗಾಗಿ ಪಟ್ಟಿಯಲ್ಲಿ ಅದನ್ನು ಸೇರಿಸುವ ಪ್ರಶ್ನೆಯೇ ಇರಲಿಲ್ಲ. ಸಂಸ್ಥಾನಗಳ ಹೆಸರನ್ನು ವರ್ಷಕ್ಕೊಮ್ಮೆ ತರಗತಿಯಲ್ಲಿ ಬಾಯಿಪಾಠ ಹೇಳುತ್ತಿದ್ದವಳು ನಾನು.

ವಕೀಲರು ಮೃತ್ಯುಪತ್ರದ ಸಾಲೊಂದರ ಮೇಲೆ ಬೆರಳಿಟ್ಟರು. ‘ನಮ್ಮ ಹಿರಿಯರಿಂದ ಬಂದ ರಾಮದುರ್ಗದ ಹೊಲ’ ಎಂದು ಸಾವಕಾರರೇ ಬರೆಸಿದ್ದರು. ಪಿತ್ರಾರ್ಜಿತ ಹೊಲದಲ್ಲಿ ದತ್ತಕ ಮಗನಿಗೆ ಆಗಲೇ ಹಕ್ಕಿತ್ತು. ಅವನ ಮಗನಿಗಂತೂ ಹುಟ್ಟಿನಿಂದಲೇ ಹಕ್ಕು. ಸಾವಕಾರರು ಅದನ್ನು ಮೃತ್ಯುಪತ್ರದಲ್ಲಿ ಯಾರಿಗೂ ಬರೆದುಕೊಡುವ ಹಾಗೇ ಇರಲಿಲ್ಲ.

“ಹಂಗಾರ ಕೋರ್ಟ ಅದಕ್ಕ ಮೊಹರು ಹ್ಯಾಂಗ ಒತ್ತಿತು?” ಎಂದೆ.

“ಪ್ರೊಬೇಟ ಅಂದ್ರ ಈ ಕಾಗದ ಖರೇ, ಈ ಸಹಿ ಅವರದ, ಬುದ್ಧಿ ನೆಟ್ಟಗಿದ್ದಾಗ ಬರಸ್ಯಾರ ಅಂತ. ಆಸ್ತಿ ಯಾರದು ಅಂತ ಆ ಕೋರ್ಟ ಕೇಳೂದs ಇಲ್ರಿ. ನೀವೆಲ್ಲಾ ಇಷ್ಟು ವರ್ಷ ಬರೇ ಮೊಹರು ನೋಡೀರಿ.”

ಕಡತದ ಕೊನೆಗೆ ದತ್ತಕಪುತ್ರ ಕೋರ್ಟಿಗೆ ಒಪ್ಪಿಸಿದ ಲೆಕ್ಕ ಕನ್ನಡದಲ್ಲೇ ಇತ್ತು. ಕಾನೂನು ಹೇಳಿದ ಸರತಿಯಲ್ಲೇ ನಡೆದಿದ್ದ: ಮೊದಲು ಸಾವಕಾರರನ್ನು ಮಣ್ಣು ಮಾಡಿದ ಖರ್ಚು, ಆಮೇಲೆ ಕೋರ್ಟಿನ ಖರ್ಚು, ಆಳುಗಳ ಪಗಾರ, ಉಳಿದ ಸಾಲಗಳು. ಬರೆದುಕೊಟ್ಟ ದಾನದ ಸರತಿ ಬರುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿಗೆ ಬರುವಷ್ಟರಲ್ಲಿ ಅಂಗಡಿ ಹೋಗಿತ್ತು, ಅರಳೆ ಹೋಗಿತ್ತು, ಬಂಗಾರ ಹೋಗಿತ್ತು. ಆದರೆ ಜಮೆಯ ಬದಿಗೆ ಒಂದು ಸಾಲು ಹೀಗಿತ್ತು: ರಾಮದುರ್ಗದ ನಮ್ಮ ಸ್ವಂತ ಹಕ್ಕಿನ ಹೊಲ ಮಾರಿ ಕೂಡಿಸಿದ್ದು. ಅದರಿಂದ ಸಾಲ ತೀರಿ ಉಳಿದದ್ದು, ವಾರ್ಷಿಕ ಪರೀಕ್ಷೆ ಮುಗಿಯುವತನಕ ಬೋರ್ಡಿಂಗ್ ಹುಡುಗರ ಊಟಕ್ಕೆ.

ಸಾಲ ಕೊಟ್ಟವರ ಕೈ ಸಂಸ್ಥಾನದ ಹೊಲಕ್ಕೆ ಸುಲಭವಾಗಿ ಎಟಕುತ್ತಿರಲಿಲ್ಲ. ಸುಮ್ಮನಿದ್ದರೆ ಹೊಲ ಉಳಿಯುತ್ತಿತ್ತು. ಇದು ಅವನೇ ಬರೆದ ಲೆಕ್ಕ ಎನ್ನಬಹುದು. ಆದರೆ ಸಾಲ ಕೊಟ್ಟ ಪ್ರತಿಯೊಬ್ಬನ ಪಾವತಿ ಚೀಟಿ ಅದಕ್ಕೆ ಲಗತ್ತಾಗಿತ್ತು, ತಕರಾರು ಒಂದೂ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಇಂಥವನ ಹೆಸರನ್ನು ನಾವು ಬೈಗುಳ ಮಾಡಿಕೊಂಡಿದ್ದೆವು.

ಅಧ್ಯಕ್ಷರಿಗೆ ಅಂದೇ ಹೋಗಿ ಎಲ್ಲ ಹೇಳಿದೆ.

“ಸಾವಕಾರ್ರು ಸಾಲಗಾರ್ರಾಗಿ ಸತ್ರು ಅಂತ ಸಂಚಿಕೆದಾಗ ಹ್ಯಾಂಗ ಬರೀತೀರಿ?” ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, “ಸೋಮವಾರ ಸವದತ್ತಿ ರಜಿಸ್ಟ್ರಾರ್ ಆಫೀಸಿನ್ಯಾಗ ದಾನಪತ್ರ ಐತಿ. ಅದು ಆಗಿ ಬಿಡಲಿ. ಆಮ್ಯಾಲೆ ಅಕ್ಕೋರಿಗೆ ಹೇಳೋಣಂತ. ಹುಡುಗರಿಗೇ ಅಲ್ಲೇನ್ರಿ ಆ ಮನಿ?”

ಹುಡುಗರಿಗೇ, ಸುಳ್ಳಲ್ಲ. ಆದರೆ ಇಲ್ಲದ ಸಾಲಕ್ಕೆ ಒಬ್ಬ ಹೆಣ್ಣುಮಗಳ ಮನೆ ಬರೆಸಿಕೊಳ್ಳಲು ನನ್ನ ಬಾಯಿ ಮುಚ್ಚಿಸುತ್ತೀರಾ ಎಂದು ಕೇಳಿ, ಚಹಾ ಅಲ್ಲೇ ಬಿಟ್ಟು ಎದ್ದೆ. ಮರುದಿನ ರಜೆ ಹಾಕಿ ಸವದತ್ತಿಯ ಬಸ್ಸು ಹತ್ತಿದೆ.

ಅಕ್ಕೋರು ನಕಲನ್ನು ಪಡಸಾಲೆಯಲ್ಲಿ ಕುಳಿತು ಓದಿದರು. ನಾನು ನಡುನಡುವೆ ಬಿಡಿಸಿ ಹೇಳಿದೆ: ಪ್ರೊಬೇಟು ಎಂದರೆ ಏನು, ಹೊಲ ಯಾಕೆ ಪಟ್ಟಿಯಲ್ಲಿಲ್ಲ, ದಾನ ಯಾಕೆ ಮುಟ್ಟಲಿಲ್ಲ. ಲೆಕ್ಕದ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ವಾರಸುದಾರರ ಹೆಸರಿದ್ದ ಹಾಳೆಗೆ ತಿರುಗಿ ಹೋದರು.

“ಈ ಆರು ವರ್ಷದಂವ ನಮ್ಮಪ್ಪ.”

“ಹೌದ್ರಿ.”

“ಆ ಹೊಲದಾಗ ಅವಂದೂ ಪಾಲಿತ್ತು ಅಂದಿ.”

“ಹುಟ್ಟಿದಾಗಿಂದs ಇತ್ತ್ರಿ.”

ಆಕೆ ಕಾಗದ ತೊಡೆಯ ಮೇಲಿಟ್ಟುಕೊಂಡರು. ಅಳು ಬಂತು. ತಡೆಯಲಿಲ್ಲ, ಸೆರಗಿನಿಂದ ಮುಖ ಮುಚ್ಚಿಕೊಳ್ಳಲೂ ಇಲ್ಲ. “ಬೋರ್ಡಿಂಗಿನ ಹುಡುಗ್ರು ನಮ್ಮಪ್ಪನ ಹೊಲಾ ಉಂಡಾರವಾ. ಅದs ಊರಾಗ ಅಂವ ತಲಿ ತಗ್ಗಿಸಿ ಅಡ್ಡಾಡಿದ. ಯಾರೂ ಅವಗ ಹೇಳಲಿಲ್ಲ. ಅಂವ ಸತ್ತs ಹೋದ.”

ಒಳಗಿನಿಂದ ನೀರು ತಂದುಕೊಟ್ಟೆ.

ಕುಡಿದು, ಮುಖ ತೊಳೆದು ಬಂದು, ಆಕೆ ಫೋನಿನ ಮುಂದೆ ಕುಳಿತರು. ಅಧ್ಯಕ್ಷರ ನಂಬರ್ ನನ್ನಿಂದ ಹೇಳಿಸಿಕೊಂಡು ತಿರುಗಿಸಿದರು. ಆ ಕಡೆಯಿಂದ ಯಾರು ಎಂದು ಕೇಳಿರಬೇಕು. ಅಕ್ಕೋರು ಎನ್ನಲಿಲ್ಲ. ಅಲ್ಲಿಯತನಕ ನನ್ನ ಮುಂದೆ ಒಮ್ಮೆಯೂ ಬಾಯಿಂದ ತೆಗೆಯದಿದ್ದ ಅಜ್ಜನ ಹೆಸರನ್ನು ಮನೆತನದ ಹೆಸರಿನೊಂದಿಗೆ ಪೂರ್ತಿ ಹೇಳಿ, “ಅವರ ಮೊಮ್ಮಗಳು ಮಾತಾಡಾಕತ್ತೇನಿ,” ಎಂದರು. “ಹುಡುಗ್ರು ಉಂಡದ್ದು ಉಂಡ್ರು, ಅವರಿಗೆ ಚಲೋ ಆಗಲಿ. ಮನಿ ಕೊಡೂದಿಲ್ರಿ.”

ಫೋನು ಇಟ್ಟು, ನನ್ನನ್ನು ಊಟಕ್ಕೆ ಕೂಡ್ರಿಸಿದರು.