ಹಸ್ರು ಬಾಗ್ಲ ಹಾಡು

ಮದುವೆಮನೆಯಲ್ಲಿ ಬೀಗರನ್ನು ಗೇಲಿ ಮಾಡಿ ಪದ ಕಟ್ಟುವುದರಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿನಲ್ಲಿ ನನ್ನ ಸಮ ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ನನ್ನ ಪದ ಕೇಳಿ ಊಟ ಬಿಟ್ಟು ಎದ್ದ ಬೀಗರೇ ಸಾಕ್ಷಿ. ಹಾಗಾಗಿ ಪೇಟೆಯ ಪಾತ್ರೆ ಅಂಗಡಿಯ ಸೊಸೆ ಜಾಹೀರಾತಿನ ಹಾಡಿಗೆ ನನ್ನನ್ನೇ ಕರೆದದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಅವಳ ಕಷ್ಟ ದೊಡ್ಡದೇ ಇತ್ತು. ಎದುರಿಗೆ ಗಾಜಿನ ಬಾಗಿಲಿನ ಶೋರೂಮು ಬಂದು ಗಿರಾಕಿಗಳೆಲ್ಲ ಅತ್ತ ಹೋಗಿದ್ದರು. ಚೌತಿಯೊಳಗೆ ವ್ಯಾಪಾರ ಸುಧಾರಿಸದಿದ್ದರೆ ಅಂಗಡಿಯನ್ನು ಮೊಬೈಲಿನವರಿಗೆ ಬಾಡಿಗೆಗೆ ಕೊಡುತ್ತೇನೆಂದು ಮಾವ ಸಾರಿಬಿಟ್ಟಿದ್ದ. ಅವನು ನನ್ನ ಓರಗೆಯವನೇ. ದಿನವಿಡೀ ಗಲ್ಲಾದ ಹಿಂದೆ ಕೂತು ಸೊಸೆಯ ತಪ್ಪು ಹುಡುಕುವುದು ಅವನ ನಿವೃತ್ತ ಜೀವನ.

ಮೈಕಿನ ರಿಕ್ಷಾ ಹುಲೇಕಲ್ ರಸ್ತೆಯಲ್ಲಿ ಹೋಗುವಾಗ ಒಂದು ಮನೆಯವರ ಕಿವಿಗೆ ಸರಿಯಾಗಿ ಬೀಳುವುದು ಹೆಚ್ಚೆಂದರೆ ಹದಿನೈದು ಸೆಕೆಂಡು. ಅಷ್ಟರೊಳಗೆ ಹಾಡು ಮುಗಿಯಬೇಕು. ಮಾವ ಹೇಳಿದ ಅಂಗಡಿಯ ಪೂರ್ತಿ ಹೆಸರಿನಲ್ಲಿ ಕುಲದೇವರು, ಅಜ್ಜ, ಅಪ್ಪ, ಮಕ್ಕಳು ಎಲ್ಲರೂ ಇದ್ದರು. ಓದಿ ಮುಗಿಸುವಷ್ಟರಲ್ಲಿ ರಿಕ್ಷಾ ಮುಂದಿನ ಊರು ಸೇರುತ್ತಿತ್ತು.

"ಜನ ನಿನ್ನ ಅಂಗಡಿಗೆ ಎಂತ ಹೇಳ್ತ ಮಾರಾಯ?" ಎಂದು ಮಾವನನ್ನು ಕೇಳಿದೆ.

"ಹಸ್ರು ಬಾಗ್ಲು ಹೇಳ್ತ. ಅದು ಹೆಸ್ರಾ?"

ಅಂಗಡಿಯ ಹಳೆಯ ಬಾಗಿಲಿಗೆ ಹಸಿರು ಬಣ್ಣ. ಅದೇ ಹೆಸರು. ಹಾಡಿನಲ್ಲಿ ಒಂದೇ ಕಷ್ಟ, ಒಂದೇ ಸಾಮಾನು, ಒಂದೇ ಹೆಸರು ಇರಬೇಕು, ಹೆಸರು ಕೊನೆಗೆ ಇನ್ನೊಮ್ಮೆ ಬರಬೇಕು. ಯಲ್ಲಾಪುರದ ಲಾರಿಯವರ ಬಾಯಲ್ಲೂ ಹೊರಳಲಿ ಎಂದು ನಮ್ಮ ಮನೆಮಾತು ಬಿಟ್ಟೆ. ಮೇಜು ಕುಟ್ಟಿಕೊಂಡು ಕಟ್ಟಿದ್ದು ಇಷ್ಟು:

ಅತ್ತೆ ಅತ್ತೆ, ದೋಸೆ ಏಳ್ತಿಲ್ಲ!
ಸೊಸೆ ಸೊಸೆ, ತಪ್ಪು ನಿಂದಲ್ಲ!
ಕಲ್ಲು ಹಳೇದು, ಬದ್ಲಾಯ್ಸೋಣ,
ಹಸ್ರು ಬಾಗ್ಲಿಗೆ ಹೋಗೋಣ!
ಶಿರಸಿ ಪೇಟೆ ಹಸ್ರು ಬಾಗ್ಲು!

ಸೊಸೆಯ ಸಾಲುಗಳನ್ನು ಅವಳೇ ಹಾಡಿದಳು. ಅತ್ತೆಯ ಧ್ವನಿ ನನ್ನದು. ಅತ್ತೆಯಾಗಲು ನನಗೆ ಅಭ್ಯಾಸವೇ ಬೇಕಾಗಲಿಲ್ಲ.

ಮಾವ ಕೆಂಪಾದ. "ಯಂಗಳ ಹೆಸ್ರೇ ಇಲ್ಯಲಾ! ಮತ್ತೆ ಯಾವ ಊರ ಅತ್ತೆ 'ತಪ್ಪು ನಿಂದಲ್ಲ' ಹೇಳ್ತು?"

"ಯಾರೂ ಹೇಳ್ತ್ವಿಲ್ಲೆ. ಅದಕ್ಕೇ ನೆನಪಿರ್ತು," ಎಂದೆ.

ಅವನು ಒಪ್ಪಲಿಲ್ಲ. ಸರಿ, ಅವನು ಹೇಳಿದ ಅಂಗಡಿಯ ಪೂರ್ತಿ ಹೆಸರನ್ನೂ ಉಸಿರು ಬಿಗಿಹಿಡಿದು ಓದಿ ರೆಕಾರ್ಡ್ ಮಾಡಿದೆ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸರ ಪಕ್ಕ ಮೂವರೂ ಕೂತೆವು. ಮೊದಲು ಅವನದು ಒಂದೇ ಸಲ ಕೇಳಿಸಿ, ಅಡಿಕೆ ರೇಟಿನ ಮಾತಾಡಿ, ಆಮೇಲೆ ಏನು ನೆನಪಿದೆ ಎಂದು ಕೇಳಿದೆ.

"ಪಾಪ, ಯಾರು ಹೋಗ್ಬಿಟ್ರು?" ಎಂದಳು ಒಬ್ಬಳು. ವಂಶಾವಳಿ ಕೇಳಿ ನಿಧನವಾರ್ತೆ ಎಂದುಕೊಂಡಿದ್ದಳು.

ನನ್ನದನ್ನು ಕೇಳಿಸಿ ಮತ್ತೆ ಹರಟೆ ಹೊಡೆದೆ. ನಾನು ಕೇಳುವ ಮೊದಲೇ ಅದೇ ಹೆಂಗಸು ಪಕ್ಕದವಳಿಗೆ, "ನಮ್ಮನೇಲೂ ದೋಸೆ ಏಳ್ತಿಲ್ಲ. ಹಸ್ರು ಬಾಗ್ಲಿಗೆ ಹೋಗ್ಬೇಕು," ಎಂದಳು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಾವ ಬಸ್ಸಿನ ಬೋರ್ಡು ಓದತೊಡಗಿದ.

ರಿಕ್ಷಾ ಮೂರೂ ತಾಲ್ಲೂಕು ಸುತ್ತಿತು. ಸಿದ್ದಾಪುರದ ಬಿಳಗಿಯ ಕಡೆಯ ಶಾಲೆಮಕ್ಕಳು ನನ್ನ ಸಾಹಿತ್ಯವನ್ನು ಪ್ರಾರ್ಥನೆಗಿಂತ ಜೋರಾಗಿ ಹಾಡುತ್ತಿದ್ದಾರೆಂದು ಸುದ್ದಿ ಬಂತು. ಕೇಳಿ ನನ್ನ ಎದೆ ಉಬ್ಬಿತು. ಪೇಟೆಯ ಕಡೆ ಹೋದರೆ ಸೊಸೆ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

ಹೊಸ ಗಿರಾಕಿಗಳು ಬರುತ್ತಾರೆ, ಅಂಗಡಿ ಚಂದ ಕಾಣಲಿ ಎಂದು ಮಾವ ಬಾಗಿಲಿಗೆ ಬಣ್ಣ ಹೊಡೆಸಿದ್ದ. ಕಾಫಿ ಬಣ್ಣ!

ಕಣ್ಣೆದುರೇ ಯಲ್ಲಾಪುರದ ಲಾರಿ ಡ್ರೈವರನೊಬ್ಬ ಬೀದಿಯ ಆಚೆ ಈಚೆ ನೋಡಿ, ಎದುರಿನ ಶೋರೂಮಿಗೆ ಹೋಗಿ, "ಹಸ್ರು ಬಾಗ್ಲ ಎಲ್ಲೈತ್ರಿ?" ಎಂದು ಕೇಳಿದ. ಅವರು ನಗುತ್ತ ಅವನನ್ನು ಒಳಗೆ ಕೂರಿಸಿದರು.

"ಬೆಳಗಿಂದ ಹಿಂಗೇಯ," ಎಂದಳು ಸೊಸೆ. "ಹಾಡು ನಮ್ದು, ದೋಸೆ ಕಲ್ಲು ಅವರ್ದು."

ಮತ್ತೆ ಹಸಿರು ಬಳಿಯಲು ಪೇಂಟರ್ ಬರುವುದು ನಾಳೆ. ಚೌತಿಗೆ ಮುಂಚಿನ ಸಂತೆ ಇವತ್ತು. ನಾನು ಮಾವನ ತೋಳು ಹಿಡಿದು ಮೆಟ್ಟಿಲ ಮೇಲೆ ನಿಲ್ಲಿಸಿದೆ.

"ಬಾಗ್ಲು ಮರೆಸಿದ್ದು ನೀನು. ಈಗ ನೀನೇ ಬಾಗ್ಲು. ಹಾಡು."

"ಯಂಗೆ ಬತ್ತಿಲ್ಲೆ!"

"ಬೆಳಿಗ್ಗೆ ದೇವ್ರ ಮುಂದೆ ಅದನ್ನೇ ಗುನುಗ್ತಿದ್ರಿ, ಮಾವ," ಎಂದಳು ಸೊಸೆ ತಣ್ಣಗೆ.

ಸಿದ್ದಾಪುರದ ಬಸ್ಸಿಳಿದ ಹೆಂಗಸರ ಗುಂಪು ಬೀದಿಯಲ್ಲಿ ತಡಕಾಡುತ್ತಿತ್ತು. ನಾನು ಅತ್ತೆಯ ಧ್ವನಿಗೆ ಗಂಟಲು ಸರಿಮಾಡಿಕೊಂಡೆ. ಮಾವ ಆ ಧ್ವನಿಯನ್ನು ತಾಳಲಾರದೆ ತಾನೇ ಬಾಯಿ ತೆರೆದ. "ಅತ್ತೆ ಅತ್ತೆ" ಗೊಗ್ಗರಾಗಿ ಹೊರಟಿತು. ಹೆಂಗಸರು ತಿರುಗಿದರು. ಎರಡನೆಯ ಸಾಲಿಗೆ ಬಂದಾಗ ಅವನ ಕಣ್ಣು ಸೊಸೆಯ ಮೇಲೆ ಬಿತ್ತು. ನಿಲ್ಲಿಸಿದ. ಹೆಂಗಸರು ಕಾಯುತ್ತಿದ್ದರು.

"ಸೊಸೆ ಸೊಸೆ, ತಪ್ಪು ನಿಂದಲ್ಲ!"

ಸಂತೆ ಮುಗಿಯುವವರೆಗೂ ಅವನು ಅದನ್ನೇ ಹಾಡಿದ. ಸೊಸೆ ದೋಸೆ ಕಲ್ಲು ಕಟ್ಟಿಕೊಡುತ್ತಲೇ ಇದ್ದಳು. ಮರುದಿನ ಮೊಬೈಲಿನವರು ಅಂಗಡಿ ನೋಡಲು ಬಂದಾಗ ಅವಳು ಹಸಿರು ಬಣ್ಣದ ಡಬ್ಬಿ ಅಲುಗಿಸುತ್ತ, "ಬಾಗ್ಲು ಹಸಿ ಇದ್ದು, ಮುಟ್ಟಡಿ," ಎಂದು ಹೊರಗಿನಿಂದಲೇ ಕಳಿಸಿದಳಂತೆ.