ದೊಡ್ಡ ಠೇವಣಿಯ ಮೇಲೆ ಕೂತಿದ್ದ ಲೀನ್

ನಾನು ಸವಣೂರಿನ ಸಹಕಾರಿ ಬ್ಯಾಂಕಿನ ಶಾಖೆಗೆ ಗುಮಾಸ್ತನಾಗಿ ಬಂದಾಗ ನನ್ನ ಬಳಿ ಎರಡು ವಿದ್ಯೆಗಳಿದ್ದವು. ಒಂದು ಬಡ್ಡಿ ಲೆಕ್ಕ, ಇನ್ನೊಂದು ಮಂದಿಯ ಧ್ವನಿ. ಮೊದಲನೆಯದಕ್ಕೆ ಸಂಬಳ ಬರುತ್ತಿತ್ತು, ಎರಡನೆಯದಕ್ಕೆ ಚಹಾ. ಹಾನಗಲ್ಲಿನಿಂದ ಬರುವ ಕ್ಯಾಶಿಯರ್ ನೋಟು ಎಣಿಸುತ್ತ ಮೂಗಿನಲ್ಲಿ ಹಾಡುವುದು, ಶಿಗ್ಗಾಂವಿ ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳುವುದು, ನಮ್ಮ ಮ್ಯಾನೇಜರ್ ಸಾಹೇಬರು ಸಹಿ ಹಾಕುವ ಮುನ್ನ ಬಿಡುವ ನಿಟ್ಟುಸಿರು, ಎಲ್ಲವೂ ನನ್ನ ಗಂಟಲಲ್ಲಿದ್ದವು. ನನ್ನದೇ ಧ್ವನಿಯನ್ನೂ ಅಣಕಿಸುತ್ತಿದ್ದೆ. ಹಿರೇಕೆರೂರಿನ ನಮ್ಮವ್ವನಿಗೆ ಫೋನು ಮಾಡಿ ‘ಉಂಡೇನಿ, ಉಂಡೇನಿ’ ಎಂದು ಸುಳ್ಳು ಹೇಳುವ ಧ್ವನಿ ಅದು. ಮಂದಿ ಅದಕ್ಕೇ ಹೆಚ್ಚು ನಗುತ್ತಿದ್ದರು.

ಇವುಗಳಲ್ಲಿ ಒಂದು ಧ್ವನಿಯನ್ನು ಮಾತ್ರ ನಾನು ಕೇಳಿಯೇ ಇರಲಿಲ್ಲ. ಅದು ವೀಳ್ಯದೆಲೆ ವ್ಯಾಪಾರದ ಒಬ್ಬ ಹಿರಿಯರದು, ಮಂದಿ ಅವರನ್ನು ಎಲಿ ಸಾಹೇಬ್ರು ಎನ್ನುತ್ತಿದ್ದರು. ನಾನು ಬರುವ ಮುಂಚೆಯೇ ಅವರು ತೀರಿಕೊಂಡಿದ್ದರು. ನಮ್ಮ ಸಿಪಾಯಿ ಕಾಕಾ ಅವರಂತೆ ಎರಡು ಸಲ ಕೆಮ್ಮಿ, ‘ಏನ್ರಿ ಸಾಹೇಬ, ಇವತ್ತ ಎಲಿ ಬಾಡೇತಿ, ಮುಖಾ ಯಾಕ ಬಾಡೇತಿ’ ಎಂದು ತೋರಿಸುತ್ತಿದ್ದ. ಕಾಕಾನಿಂದ ನಾನು ಕಲಿತೆ. ಸೆಕೆಂಡ್ ಹ್ಯಾಂಡ್ ಮಾಲು, ಆದರೆ ಒಳ್ಳೆಯ ಮಾಲು.

ಒಂದು ಮಧ್ಯಾಹ್ನ ಆ ಹಿರಿಯರ ಹೆಂಡತಿ ಬಂದರು. ನಾವೆಲ್ಲ ಚಾಚಿ ಎನ್ನುತ್ತಿದ್ದೆವು. ಗಂಡ ಹೋದ ಮೇಲೆ ಎಲೆ ಅಂಗಡಿಯನ್ನು ಅವರೇ ನಡೆಸುತ್ತಿದ್ದರು. ಅಂಗಡಿಯ ಜಾಗದ ಮಾಲೀಕ ಅದನ್ನು ಮಾರಲು ನಿಂತಿದ್ದ. ಸಂಜೆಯೊಳಗೆ ಮುಂಗಡ ಕೊಟ್ಟರೆ ಚಾಚಿಗೆ, ಇಲ್ಲದಿದ್ದರೆ ಹಾನಗಲ್ಲಿನ ಒಬ್ಬ ಮೊಬೈಲ್ ವ್ಯಾಪಾರಿಗೆ.

ಗಂಡ ಹೆಂಡತಿಯ ಹೆಸರಿನಲ್ಲಿ ನಮ್ಮಲ್ಲಿ ಎರಡು ಠೇವಣಿಗಳಿದ್ದವು. ಒಂದು ಲಕ್ಷದ್ದು ಸಣ್ಣದು, ಮೂರು ಲಕ್ಷದ್ದು ದೊಡ್ಡದು. ಇಬ್ಬರಲ್ಲಿ ಉಳಿದವರಿಗೆ ಹಣ ಎಂದು ಬರೆದುಕೊಟ್ಟಿದ್ದರು. ದೊಡ್ಡದರ ಅವಧಿ ಮುಗಿದಿತ್ತು, ಮರಣ ಪ್ರಮಾಣಪತ್ರವೂ ಬಂದಿತ್ತು. ಹಿರಿಯರು ಇದ್ದಾಗ ಠೇವಣಿಯ ಮೇಲೆ ಪಡೆದಿದ್ದ ಸಾಲವನ್ನು ಚಾಚಿ ಬಡ್ಡಿ ಸಮೇತ ತೀರಿಸಿ, ಸಾಲದ ಖಾತೆ ಮುಚ್ಚಿಸಿಯಾಗಿತ್ತು. ದೊಡ್ಡ ಠೇವಣಿಯ ನಂಬರ್ ಒತ್ತಿ ಹಣ ಕೊಡುವುದಷ್ಟೇ ನನ್ನ ಕೆಲಸ. ನಾನು ಒತ್ತಿದೆ. ಕಂಪ್ಯೂಟರ್ ಒಪ್ಪಲಿಲ್ಲ. ಠೇವಣಿಯ ಮೇಲೆ ಲೀನ್ ಇದೆ ಎಂದು ಕೆಂಪು ಅಕ್ಷರದಲ್ಲಿ ತೋರಿಸಿತು.

ಲೀನ್ ಎಂದರೆ ಬ್ಯಾಂಕು ಹಾಕುವ ಬೀಗ. ಸಾಲ ಇರುವವರೆಗೆ ಠೇವಣಿ ಕದಲಬಾರದು ಎಂಬ ಗುರುತು. ಸಾಲ ಮುಚ್ಚಿದ ದಿನ ಅದನ್ನು ತೆಗೆಯಬೇಕು. ನಮ್ಮ ಕಂಪ್ಯೂಟರಿನಲ್ಲಿ ಅದನ್ನು ಕೈಯಿಂದಲೇ ಹಾಕಬೇಕು, ಕೈಯಿಂದಲೇ ತೆಗೆಯಬೇಕು.

ಸಾಹೇಬರು ನಿಟ್ಟುಸಿರು ಬಿಟ್ಟರು. ‘ಸಾಲ ಮುಚ್ಚೇತಿ, ಲೀನ್ ಉಳದೇತಿ ಅಂದ್ರ ಇದರ ಮ್ಯಾಲ ಬ್ಯಾರೆ ಏನೋ ಇರಬೇಕು. ಯಾರಿಗರ ಜಾಮೀನು ನಿಂತಿದ್ರೋ ಏನೋ. ಹಾವೇರಿ ಹೆಡ್ಡಾಫೀಸಿಗೆ ಬರೀಬೇಕು.’

‘ಎಷ್ಟು ದಿನ ಆಗ್ತದ ಸಾಹೇಬ?’ ಚಾಚಿ ಕೇಳಿದರು.

‘ಒಂದು ವಾರ ಹಿಡೀರಿ.’

ಚಾಚಿ ನನ್ನ ಎದುರಿನ ಬೆಂಚಿನ ಮೇಲೆ ಕೂತರು. ಸಾಲದ ಸ್ಟೇಟ್‌ಮೆಂಟು ತೆಗೆದು ಒಮ್ಮೆ ಪರೀಕ್ಷಿಸು ಎಂದು ಹೇಳಿ ಸಾಹೇಬರು ಒಳಗೆ ಹೋದರು. ನಾನು ಭದ್ರತಾ ಕೋಣೆಗೆ ಹೋಗಿ ಆ ಮನೆಯ ಕಡತ ತೆಗೆದೆ. ಮುಚ್ಚಿದ ಸಾಲದ ಕಾಗದ ಅದರಲ್ಲಿರಲಿಲ್ಲ, ಹಾವೇರಿಗೆ ಹೋಗಿತ್ತು. ಎರಡೂ ರಸೀದಿಗಳು ಬಾಳೆನಾರಿನಿಂದ ಒಟ್ಟಿಗೆ ಕಟ್ಟಿದ್ದವು. ಎಲೆಯ ಪೆಂಡಿ ಕಟ್ಟುವ ನಾರು. ಹಿರಿಯರು ಕಟ್ಟಿ ಕೊಟ್ಟಂತೆಯೇ ಯಾರೋ ಇಟ್ಟಿದ್ದರು. ಗಂಟು ಮುಟ್ಟಿದಾಗ ನಾರು ಒದ್ದೆಯಾಗಿದೆ ಅನಿಸಿತು. ಬೆರಳು ನೋಡಿಕೊಂಡೆ, ಒಣಗಿತ್ತು. ಆ ಕೋಣೆಗೆ ಕಿಟಕಿ ಇಲ್ಲ, ಆದರೂ ಹಸಿ ಎಲೆಯ ವಾಸನೆ ಬರುತ್ತಿತ್ತು.

ಹೊರಗೆ ಬಂದಾಗ ಚಾಚಿ ತಲೆ ಎತ್ತಿದರು. ‘ಬೇಟಾ, ನೀ ನಮ್ಮ ಮನಿಯವ್ರ ಹಂಗ ಮಾತಾಡ್ತೀ ಅಂತಲ್ಲ. ಮಂದಿ ಹೇಳ್ತಾರ.’

ಕಾಕಾ ಗೋಡೆಯ ಕಡೆ ತಿರುಗಿಕೊಂಡ. ನನ್ನ ಕಿವಿ ಬಿಸಿಯಾಯಿತು. ‘ಸುಮ್ಮನ ಚ್ಯಾಷ್ಟಿ ಚಾಚಿ. ತಪ್ಪು ತಿಳೀಬ್ಯಾಡ್ರಿ.’

‘ತಪ್ಪೇನೈತಿ. ಒಂದ್ಸಲ ಮಾಡು. ನಾ ಹೆಂಗೂ ಕುಂತೇನಿ.’

ಬೇಡವೆನ್ನಲು ಆಗಲಿಲ್ಲ. ಎರಡು ಸಲ ಕೆಮ್ಮಿದೆ. ‘ಏನ್ರಿ ಸಾಹೇಬ, ಇವತ್ತ ಎಲಿ ಬಾಡೇತಿ, ಮುಖಾ ಯಾಕ ಬಾಡೇತಿ’ ಅಂದೆ. ಚಾಚಿ ಕಣ್ಣು ಮುಚ್ಚಿದ್ದರು. ನನಗೆ ಗೊತ್ತಿದ್ದುದು ಅಷ್ಟೇ, ಅಲ್ಲಿಗೆ ನಿಲ್ಲಬೇಕಿತ್ತು. ಗಂಟಲು ನಿಲ್ಲಲಿಲ್ಲ. ಅದೇ ಧ್ವನಿ, ಸ್ವಲ್ಪ ತಗ್ಗಿ, ‘ಸಣ್ಣದರ ಮ್ಯಾಲ ಕೊಡ್ರಿ. ದೊಡ್ಡದಕ್ಕ ಕೈ ಹಚ್ಚಬ್ಯಾಡ್ರಿ, ಅದು ಆಕಿದು’ ಅಂದಿತು.

ಕಾಕಾ ತಿರುಗಿ ನನ್ನನ್ನೇ ನೋಡುತ್ತಿದ್ದ.

ಏನಾದರೂ ಮಾಡಬೇಕೆಂದು ಸ್ಟೇಟ್‌ಮೆಂಟಿಗೆ ಕಣ್ಣು ಹಚ್ಚಿದೆ. ಕೊಟ್ಟ ಸಾಲ ತೊಂಬತ್ತು ಸಾವಿರ. ನಮ್ಮಲ್ಲಿ ಠೇವಣಿಯ ನೂರಕ್ಕೆ ಹತ್ತು ಭಾಗ ಮಾರ್ಜಿನ್ ಎಂದು ಬಿಟ್ಟು, ಉಳಿದದ್ದನ್ನು ಮಾತ್ರ ಸಾಲ ಕೊಡುತ್ತಾರೆ. ಒಂದು ಲಕ್ಷಕ್ಕೆ ತೊಂಬತ್ತು ಸಾವಿರ, ಸರಿಯಾಗಿ ಕೂಡಿತು. ಆದರೆ ಮೂರು ಲಕ್ಷದ ಮೇಲೂ ತೊಂಬತ್ತು ಸಾವಿರ ಕೊಡಬಹುದು, ಅಷ್ಟರಿಂದ ಸಾಹೇಬರು ಒಪ್ಪುವುದಿಲ್ಲ. ಬಡ್ಡಿ ನೋಡಿದೆ. ಠೇವಣಿಗೆ ಕೊಡುವ ದರಕ್ಕಿಂತ ಸಾಲಕ್ಕೆ ಶೇಕಡ ಒಂದು ಹೆಚ್ಚು, ಅದು ನಮ್ಮ ನಿಯಮ. ಸಾಲದ ದರ ಎಂಟು. ಸಣ್ಣ ಠೇವಣಿಯ ದರ ಏಳು. ದೊಡ್ಡದರದ್ದು ಆರೂವರೆ. ಅದರ ಮೇಲೆ ಕೊಟ್ಟಿದ್ದರೆ ಸಾಲ ಏಳೂವರೆಗೆ ಇರಬೇಕಿತ್ತು. ತಿಂಗಳು ತಿಂಗಳ ಬಡ್ಡಿಯನ್ನು ಕೈಯಿಂದ ತೆಗೆದು ನೋಡಿದೆ. ಎಲ್ಲವೂ ಎಂಟರಂತೆಯೇ.

ಸಾಲ ಸಣ್ಣದರ ಮೇಲೆಯೇ. ಹಾಗಾದರೆ ಸಣ್ಣದರ ಮೇಲೆ ಲೀನ್ ಇದ್ದಿರಬೇಕಲ್ಲ. ಅದರ ಹಳೆಯ ನಮೂದುಗಳನ್ನು ತೆಗೆದೆ. ಲೀನ್ ಎಂದೂ ಬಿದ್ದೇ ಇರಲಿಲ್ಲ. ದೊಡ್ಡದರ ಲೀನ್ ಬಿದ್ದದ್ದು ಸಾಲ ಕೊಟ್ಟ ದಿನವೇ. ನಾರಿನ ಕಟ್ಟು ನೋಡಿದೆ. ಮೇಲಿನ ರಸೀದಿ ದೊಡ್ಡದು. ಕಟ್ಟು ಬಿಚ್ಚದೆ ಯಾರೋ ಮೇಲಿನ ನಂಬರನ್ನು ಒತ್ತಿದ್ದರು. ಸಾಲ ಮುಚ್ಚಿದ ದಿನ ಸಾಲದ ಕಾಗದ ನೋಡಿ ಸಣ್ಣ ರಸೀದಿಗೆ ‘ಲೀನ್ ತೆಗೆದಿದೆ’ ಎಂದು ಮುದ್ರೆ ಹೊಡೆದು, ಮತ್ತೆ ಅದೇ ಕಟ್ಟಿಗೆ ಸೇರಿಸಿದ್ದರು. ಇಲ್ಲದ ಬೀಗ ತೆಗೆದು, ಇದ್ದ ಬೀಗ ಹಾಗೇ ಬಿಟ್ಟಿದ್ದರು.

ಸಾಹೇಬರು ಬಂದು ಕನ್ನಡಕ ಏರಿಸಿ ಒಂದೊಂದೇ ನೋಡಿದರು. ಇಬ್ಬರ ಗ್ರಾಹಕ ಸಂಖ್ಯೆಗಳನ್ನೂ ಹಾಕಿ ಬೇರೆ ಸಾಲ, ಜಾಮೀನು ಇದೆಯೇ ಎಂದು ಹುಡುಕಿಸಿದರು. ಏನೂ ಇರಲಿಲ್ಲ. ಕೊನೆಗೆ ಕೇಳಿದರು: ‘ಸಣ್ಣದರ ಮ್ಯಾಲ ಅಂತ ನಿನಗ ಹೆಂಗ ಹೊಳೀತು?’

‘ಬಡ್ಡಿ ಫರಕ ನೋಡಿದ್ನಿ ಸಾಹೇಬ್ರ.’

ಅದು ನಿಜ. ಪೂರ್ತಿ ನಿಜವಲ್ಲ.

ಲೀನ್ ತೆಗೆಯುವ ನಮೂದನ್ನು ನಾನು ಹಾಕಿದೆ, ಸಾಹೇಬರು ನಿಟ್ಟುಸಿರು ಬಿಟ್ಟು ಮಂಜೂರು ಮಾಡಿದರು. ಕೆಂಪು ಅಕ್ಷರ ಹೋಯಿತು. ಮಾಲೀಕನ ಹೆಸರಿಗೆ ಮುಂಗಡ, ಉಳಿದದ್ದು ಚಾಚಿಯ ಉಳಿತಾಯ ಖಾತೆಗೆ. ಸಂಜೆಗೆ ಇನ್ನೂ ಸಮಯವಿತ್ತು.

ಕಾಕಾ ನನ್ನನ್ನು ನೀರಿನ ಫಿಲ್ಟರ್ ಹತ್ತಿರ ಎಳೆದುಕೊಂಡು ಹೋದ. ‘ಆ ಕಡೀ ಮಾತು ನಾ ನಿನಗ ಕಲಿಸಿಲ್ಲಲೇ. ಅವ್ರು ಅಂದಿದ್ದು ನಾನೂ ಕೇಳಿಲ್ಲ.’

ಆಗಷ್ಟೇ ಕಾಗದದಲ್ಲಿ ಎರಡು ಠೇವಣಿ ನೋಡಿದ್ದೆ, ಅದೇ ತಲೆಯಲ್ಲಿ ಸುತ್ತಿ ಬಾಯಿಗೆ ಬಂದಿರಬೇಕು ಎಂದೆ. ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಆದರೆ ‘ಅದು ಆಕಿದು’ ಎನ್ನುವುದು ಯಾವ ಕಾಗದದಲ್ಲೂ ಇರಲಿಲ್ಲ.

ಚಾಚಿ ಬಾಳೆನಾರನ್ನು ಕೇಳಿ ತೆಗೆದುಕೊಂಡು ಬೆರಳಿಗೆ ಸುತ್ತಿಕೊಂಡರು. ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದರು. ‘ದವಾಖಾನ್ಯಾಗ ನನ್ನ ಕೈ ಹಿಡಕೊಂಡು ಆ ಕಡೀ ಮಾತನ್ನ ಅಂದಿದ್ರು. ಯಾವ ದೊಡ್ಡದು, ಯಾವ ಸಣ್ಣದು, ನನಗ ತಿಳೀಲಿಲ್ಲ ಆವಾಗ.’ ಸೆರಗು ಸರಿಮಾಡಿಕೊಂಡು, ‘ಇನ್ನ ಸಾಕು ಬೇಟಾ. ಕರೀಬ್ಯಾಡ ಅವ್ರನ್ನ. ದಣೀತಾರ’ ಎಂದರು.

ಮರುದಿನ ಚಹಾದ ಹೊತ್ತಿಗೆ ಕ್ಯಾಶಿಯರ್ ಕೇಳಿದ, ‘ಎಲಿ ಸಾಹೇಬ್ರನ ಮಾಡಲೇ.’ ಬ್ಯಾಡ ಅನ್ನುವುದರೊಳಗೆ ಎರಡು ಸಲ ಕೆಮ್ಮಿದ ಸದ್ದು ಬಂತು. ಎಲ್ಲರೂ ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಅವನು ನನ್ನ ಎದುರಿಗೇ ಕೂತಿದ್ದ. ನನ್ನ ಬಾಯಲ್ಲಿ ಚಹಾ ತುಂಬಿತ್ತು.